ವಿದೇಶಕ್ಕೆ ಹೊರಟ ಮನೆಯ ಟಿವಿ: ಚಿಕ್ಕ ಜಾಹೀರಾತು ಬರೆಯುವ ಬಗೆ, ಹೆಜ್ಜೆ ಹೆಜ್ಜೆಯಾಗಿ

ಸೋಫಾ, ಮಂಚ, ಬೀರು ಕೊಳ್ಳುವವರು ಫೋಟೋ ನೋಡಿದಾಗಲೇ ಅರ್ಧ ನಿರ್ಧಾರ ಮಾಡಿಬಿಡುತ್ತಾರೆ. ಟಿವಿ ಹಾಗಲ್ಲ. ಆಫ್ ಆಗಿರುವ ಟಿವಿಯ ಫೋಟೋದಲ್ಲಿ ಕಪ್ಪು ಗಾಜು ಬಿಟ್ಟು ಬೇರೇನೂ ಕಾಣುವುದಿಲ್ಲ. ಪರದೆಯಲ್ಲಿ ಗೆರೆ ಇದೆಯಾ, ಬೆಳಕು ಮಂಕಾಗಿದೆಯಾ, ಸೌಂಡ್ ಸರಿ ಇದೆಯಾ ಅನ್ನೋದು ಆನ್ ಮಾಡಿದ ಮೇಲೇ ಗೊತ್ತಾಗೋದು. ಹಾಗಾಗಿ ಕೊಳ್ಳುವವರಿಗೆ ಅನುಮಾನ ಜಾಸ್ತಿ. ಮಾರುವವರು ಊರು ಬಿಟ್ಟು ಹೋಗುವವರಾದರೆ ಆ ಅನುಮಾನ ಇನ್ನೂ ಹೆಚ್ಚು, ಯಾಕೆಂದರೆ ನಾಳೆ ಕೆಟ್ಟರೆ ಕೇಳೋಕೆ ಅವರು ಸಿಗುವುದಿಲ್ಲ.

ಇಂಥ ಟಿವಿಗೆ ಬರೆಯುವ ಜಾಹೀರಾತು ಹತ್ತು ಸಾಲು ದಾಟಬೇಕಿಲ್ಲ. ಆದರೆ ಆ ಹತ್ತು ಸಾಲು ಬರೆಯುವ ಮೊದಲು ಮಾಡಬೇಕಾದ ಕೆಲಸ ಒಂದು ಸಂಜೆಯಷ್ಟು ಇದೆ. ನಮ್ಮ ಅಕ್ಕ-ಭಾವ ಬನಶಂಕರಿಯ ಮನೆ ಖಾಲಿ ಮಾಡಿ ಮಕ್ಕಳೊಂದಿಗೆ ಜರ್ಮನಿಗೆ ಹೊರಟಾಗ ಅವರ 43 ಇಂಚಿನ ಟಿವಿಗೆ ಜಾಹೀರಾತು ಬರೆದುಕೊಟ್ಟವನು ನಾನು. ಆ ಟಿವಿಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಹೇಳುತ್ತೇನೆ.

ಹೆಜ್ಜೆ 1: ಟಿವಿಯ ಬೆನ್ನು ನೋಡಿ

ಪ್ರತಿ ಟಿವಿಯ ಹಿಂದೆ ಒಂದು ಸ್ಟಿಕ್ಕರ್ ಇರುತ್ತದೆ. ಮಾಡೆಲ್ ನಂಬರ್, ಸೀರಿಯಲ್ ನಂಬರ್, ಎಷ್ಟು ವೋಲ್ಟೇಜ್‌ಗೆ ಓಡುತ್ತದೆ ಅನ್ನೋದು ಅದರಲ್ಲಿ ಇರುತ್ತದೆ. ತಯಾರಾದ ತಿಂಗಳು, ವರ್ಷವೂ ಸಾಮಾನ್ಯವಾಗಿ ಅಲ್ಲೇ ಸಿಗುತ್ತದೆ. ಗೋಡೆಗೆ ಹಾಕಿದ ಟಿವಿ ಆದರೆ ಮೊಬೈಲನ್ನು ಸಂದಿಯಲ್ಲಿ ತೂರಿಸಿ ಒಂದು ಫೋಟೋ ತೆಗೆಯಿರಿ. ಬಗ್ಗಿ ನೋಡೋ ಕಷ್ಟ ಬೇಡ.

ಮಾಡೆಲ್ ನಂಬರ್ ಪೂರ್ತಿ ಬರೆದುಕೊಳ್ಳಿ, ಕೊನೆಯ ಒಂದು ಅಕ್ಷರವನ್ನೂ ಬಿಡಬೇಡಿ. ಹೊರಗಿನಿಂದ ಒಂದೇ ಥರ ಕಾಣುವ ಎರಡು ಟಿವಿಗಳಲ್ಲಿ ಆ ಕೊನೆಯ ಅಕ್ಷರದಿಂದಲೇ ಯಾವ ವರ್ಷದ್ದು ಅಂತ ಗೊತ್ತಾಗುವುದುಂಟು. ಗಂಭೀರವಾಗಿ ಕೊಳ್ಳುವವರು ಮೊದಲು ಮಾಡುವ ಕೆಲಸವೇ ಆ ನಂಬರ್ ಹುಡುಕಿ ನೋಡುವುದು. ಎಷ್ಟು ಎಚ್‌ಡಿಎಂಐ ಪೋರ್ಟ್, ಎಷ್ಟು ವ್ಯಾಟ್ ಸ್ಪೀಕರ್, 4ಕೆ ಹೌದಾ ಅಲ್ವಾ, ಎಲ್ಲ ಅಲ್ಲೇ ಸಿಗುತ್ತದೆ. ನಿಮ್ಮ ಜಾಹೀರಾತಿನಲ್ಲಿ ಅದನ್ನೆಲ್ಲ ಮತ್ತೆ ಬರೆಯುವ ಕೆಲಸ ತಪ್ಪುತ್ತದೆ. ಸೀರಿಯಲ್ ನಂಬರ್ ಮಾತ್ರ ಹೊರಗೆ ಹಾಕಬೇಡಿ. ಫೋಟೋ ಹಾಕುವ ಮೊದಲು ಅದನ್ನು ಮುಚ್ಚಿ.

ಇನ್ನು ಅಳತೆ. 43 ಇಂಚು ಅನ್ನೋದು ಪರದೆಯ ಒಂದು ಮೂಲೆಯಿಂದ ಎದುರು ಮೂಲೆಗೆ ಇರುವ ದೂರ, ಸುಮಾರು 109 ಸೆಂಟಿಮೀಟರ್. ಅಗಲ ಸುಮಾರು 95 ಸೆಂಟಿಮೀಟರ್ ಮಾತ್ರ. ಇದಕ್ಕಿಂತ ಮುಖ್ಯವಾದ ಅಳತೆ ಒಂದಿದೆ, ಅದನ್ನು ಯಾರೂ ಬರೆಯುವುದಿಲ್ಲ. ಈಗಿನ ಎಷ್ಟೋ ಟಿವಿಗಳ ಕಾಲು ಮಧ್ಯದಲ್ಲಿರದೆ ಎರಡು ತುದಿಗಳಲ್ಲಿ ಇರುತ್ತವೆ. ಕೊಳ್ಳುವವರ ಮನೆಯ ಟಿವಿ ಸ್ಟ್ಯಾಂಡ್ ಆ ಕಾಲುಗಳ ನಡುವಿನ ದೂರಕ್ಕಿಂತ ಕಿರಿದಾಗಿದ್ದರೆ ಒಂದು ಕಾಲು ಗಾಳಿಯಲ್ಲಿ ನಿಲ್ಲುತ್ತದೆ. ಕಾಲಿನಿಂದ ಕಾಲಿಗೆ ಟೇಪ್ ಹಿಡಿದು ಅಳೆದು ಜಾಹೀರಾತಿನಲ್ಲಿ ಹಾಕಿ. ಅಕ್ಕನ ಟಿವಿಯದು 80 ಸೆಂಟಿಮೀಟರ್ ಇತ್ತು. ಆ ಒಂದು ಸಾಲು ನೋಡಿಯೇ "ನಮ್ಮ ಸ್ಟ್ಯಾಂಡ್‌ಗೆ ಆಗಲ್ಲ, ಗೋಡೆಗೆ ಹಾಕಬೇಕು, ಕ್ಲ್ಯಾಂಪ್ ಕೊಡ್ತೀರಾ?" ಎಂದು ಕೇಳಿದವರಿದ್ದಾರೆ. ಬಂದು ನೋಡಿ, ಆಗಲ್ಲ ಅಂತ ವಾಪಸ್ ಹೋಗುವುದಕ್ಕಿಂತ ಇದು ಇಬ್ಬರಿಗೂ ಒಳ್ಳೆಯದು.

ಬಿಲ್ ಹುಡುಕಿ. ಪೇಪರ್ ಬಿಲ್ ಕಳೆದಿದ್ದರೂ ಆನ್‌ಲೈನಲ್ಲಿ ಕೊಂಡಿದ್ದರೆ ಹಳೆಯ ಆರ್ಡರ್‌ಗಳಲ್ಲಿ ಇನ್‌ವಾಯ್ಸ್ ಸಿಗುತ್ತದೆ. ವಾರಂಟಿ ಮುಗಿದಿದ್ದರೂ ಬಿಲ್ ಬೇಕು. ಅದು ಟಿವಿ ನಿಮ್ಮದೇ ಅನ್ನೋದಕ್ಕೂ, ಎಷ್ಟು ಹಳೆಯದು ಅನ್ನೋದಕ್ಕೂ ಸಾಕ್ಷಿ.

ಹೆಜ್ಜೆ 2: ಕೊಳ್ಳುವವರಿಗಿಂತ ಮೊದಲು ನೀವೇ ತಪ್ಪು ಹುಡುಕಿ

ದಿನಾ ನೋಡುವ ಟಿವಿಯ ದೋಷ ಮನೆಯವರ ಕಣ್ಣಿಗೆ ಬೀಳುವುದಿಲ್ಲ, ಅಭ್ಯಾಸವಾಗಿರುತ್ತದೆ. ಹೊರಗಿನವರು ಬಂದ ತಕ್ಷಣ ಅದನ್ನೇ ನೋಡುತ್ತಾರೆ. ಅದಕ್ಕೆ ಹೀಗೆ ಮಾಡಿ. ಟಿವಿಯನ್ನು ಒಂದು ಗಂಟೆ ಓಡಿಸಿ, ಯಾಕೆಂದರೆ ಕೆಲವು ಗೆರೆಗಳೂ ಮಿಣುಕುವಿಕೆಯೂ ಟಿವಿ ಬಿಸಿಯಾದ ಮೇಲೇ ಕಾಣಿಸಿಕೊಳ್ಳುತ್ತವೆ. ಆಮೇಲೆ ಯೂಟ್ಯೂಬಿನಲ್ಲಿ `dead pixel test` ಎಂದು ಹುಡುಕಿ. ಇಡೀ ಪರದೆ ಒಂದೇ ಬಣ್ಣ ತೋರಿಸುವ ವಿಡಿಯೋಗಳು ಬರುತ್ತವೆ. ರೂಮಿನ ಲೈಟ್ ಆರಿಸಿ ಒಂದೊಂದೇ ಬಣ್ಣ ನೋಡಿ.

ಬಿಳಿ ಪರದೆಯಲ್ಲಿ ಕಪ್ಪು ಚುಕ್ಕೆ ಕಂಡರೆ ಅದು ಸತ್ತ ಪಿಕ್ಸೆಲ್. ಒಂದು ಭಾಗ ಮಾತ್ರ ಮಬ್ಬಾಗಿದ್ದರೆ ಪರದೆಯ ಹಿಂದಿನ ಎಲ್‌ಇಡಿ ಪಟ್ಟಿಯಲ್ಲಿ ಒಂದೆರಡು ದೀಪ ಸೋತಿರಬಹುದು. ದುಂಡಗಿನ ಬಿಳಿ ಕಲೆಗಳು ಕಂಡರೆ, ಆ ದೀಪಗಳ ಮೇಲೆ ಬೆಳಕು ಹರಡಲು ಇಟ್ಟಿರುವ ಚಿಕ್ಕ ಲೆನ್ಸ್ ಕಿತ್ತು ಬಿದ್ದಿರುವ ಸಾಧ್ಯತೆ ಜಾಸ್ತಿ. ಇವೆರಡೂ ರಿಪೇರಿ ಆಗುವಂಥವು. ಆದರೆ ಮೇಲಿಂದ ಕೆಳಗೆ ನೇರ ಗೆರೆ ಇದ್ದರೆ ಅದು ಸಾಮಾನ್ಯವಾಗಿ ಪ್ಯಾನೆಲ್ ತೊಂದರೆ. ಪ್ಯಾನೆಲ್ ಬದಲಿಸುವ ಖರ್ಚು ಹೆಚ್ಚು ಕಡಿಮೆ ಹೊಸ ಟಿವಿಯ ಹತ್ತಿರಕ್ಕೇ ಹೋಗುತ್ತದೆ. ಅಂಥ ಟಿವಿಯನ್ನು ಓಡುವ ಟಿವಿ ಅಂತ ಮಾರಬೇಡಿ. "ಗೆರೆ ಇದೆ, ಪಾರ್ಟ್ಸ್‌ಗೆ" ಎಂದು ಬರೆದು ರಿಪೇರಿಯವರಿಗೆ ಕೊಡಿ.

ಕಪ್ಪು ಪರದೆಯಲ್ಲಿ ಅಂಚುಗಳಿಂದ ಸ್ವಲ್ಪ ಬೆಳಕು ಒಸರುವುದು ಎಲ್‌ಇಡಿ ಟಿವಿಗಳಲ್ಲಿ ಮಾಮೂಲಿ. ಅದನ್ನು ದೋಷ ಅಂತ ಬರೆಯಬೇಕಿಲ್ಲ. ನಿಮ್ಮದು ಓಎಲ್‌ಇಡಿ ಆಗಿದ್ದರೆ ಮಾತ್ರ ಬೂದು ಮತ್ತು ಕೆಂಪು ಪರದೆಯನ್ನು ಗಮನವಿಟ್ಟು ನೋಡಿ. ವರ್ಷಗಟ್ಟಲೆ ಒಂದೇ ನ್ಯೂಸ್ ಚಾನೆಲ್ ಓಡಿದ್ದರೆ ಅದರ ಲೋಗೋ ನೆರಳಿನಂತೆ ಉಳಿದುಬಿಟ್ಟಿರುತ್ತದೆ.

ಆಮೇಲೆ ಒಂದೊಂದು ಎಚ್‌ಡಿಎಂಐ ಪೋರ್ಟಿಗೂ ಸೆಟ್‌ಟಾಪ್ ಬಾಕ್ಸ್ ಚುಚ್ಚಿ ನೋಡಿ. ವೈಫೈ ಹಿಡಿಯುತ್ತದಾ, ಎರಡೂ ಸ್ಪೀಕರ್ ಮಾತಾಡುತ್ತವಾ, ರಿಮೋಟಿನ ಎಲ್ಲ ಬಟನ್ ಒತ್ತಿದರೆ ಕೆಲಸ ಮಾಡುತ್ತವಾ ನೋಡಿ. ಅಕ್ಕನ ಟಿವಿಯಲ್ಲಿ ಎರಡು ತೊಂದರೆ ಸಿಕ್ಕಿತು. ಕೆಳಗಿನ ಎಡ ಮೂಲೆಯಲ್ಲಿ ಬಿಳಿ ಪರದೆ ಹಾಕಿದಾಗ ಮಾತ್ರ ಕಾಣುವ ಅಂಗೈ ಅಗಲದ ಮಬ್ಬು. ಇನ್ನೊಂದು, ಮೂರನೇ ಎಚ್‌ಡಿಎಂಐ ಪೋರ್ಟ್ ಸಡಿಲ, ಕೇಬಲ್ ಸ್ವಲ್ಪ ಅಲುಗಿದರೆ ಚಿತ್ರ ಹೋಗುತ್ತಿತ್ತು. ಭಾವ "ಸಿನಿಮಾ ನೋಡುವಾಗ ಕಾಣೋದೇ ಇಲ್ವಲ್ಲ, ಯಾಕೆ ಬರೀಬೇಕು?" ಅಂದರು. ನಾನು ಎರಡನ್ನೂ ಬರೆದೆ. ಮುಚ್ಚಿಟ್ಟ ಒಂದು ಮಬ್ಬು ಬಂದವರ ಕಣ್ಣಿಗೆ ಬಿದ್ದರೆ, "ಇನ್ನೂ ಏನೇನು ಮುಚ್ಚಿಟ್ಟಿದ್ದಾರೋ" ಅಂತ ಅವರು ಎರಡು ಮೂರು ಸಾವಿರ ಇಳಿಸಿ ಕೇಳುತ್ತಾರೆ. ಮೊದಲೇ ಬರೆದಿದ್ದರೆ ಆ ಮಬ್ಬು ಬೆಲೆಯೊಳಗೇ ಸೇರಿರುತ್ತದೆ. ಮನೆಗೆ ಬಂದ ಮೇಲೆ ಅದರ ಹೆಸರಿನಲ್ಲಿ ಇಳಿಸಲು ಅವರಿಗೆ ಆಗುವುದಿಲ್ಲ.

ಹೆಜ್ಜೆ 3: ಬೆಲೆ

ನೀವು ಆವತ್ತು ಎಷ್ಟು ಕೊಟ್ಟಿರಿ ಅನ್ನೋದನ್ನು ಮರೆತುಬಿಡಿ. ಕೊಳ್ಳುವವರ ಮನಸ್ಸಿನಲ್ಲಿ ಇರುವ ಲೆಕ್ಕ ಒಂದೇ: ಇದೇ ಅಳತೆಯ ಹೊಸ ಟಿವಿ ಇವತ್ತು ಎಷ್ಟಕ್ಕೆ ಸಿಗುತ್ತದೆ? ಟಿವಿಗಳ ಬೆಲೆ ಹೇಗೂ ವರ್ಷ ವರ್ಷ ಇಳಿಯುತ್ತಾ ಬಂದಿದೆ. ಅದರ ಮೇಲೆ 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿಯಿತು. ಹೊಸ ಟಿವಿ ಅಗ್ಗವಾದಷ್ಟೂ ಹಳೆಯದು ಅದರ ಹಿಂದೆಯೇ ಇಳಿಯುತ್ತದೆ. ಹಳೆಯ ಬಿಲ್ ಹಿಡಿದುಕೊಂಡು ಅರ್ಧ ಬೆಲೆ ಅಂತ ಲೆಕ್ಕ ಹಾಕುವವರು ವಾರಗಟ್ಟಲೆ ಕಾಯುವುದು ಇದೇ ಕಾರಣಕ್ಕೆ.

ಅಕ್ಕ ಆ ಟಿವಿಯನ್ನು 2021ರ ದೀಪಾವಳಿಗೆ 34,000 ರೂಪಾಯಿಗೆ ಕೊಂಡಿದ್ದಳು. ನಾವು ಜಾಹೀರಾತು ಬರೆಯುವಾಗ ಅದಕ್ಕೆ ಸಮನಾದ ಹೊಸ ಮಾಡೆಲ್ 26,000ಕ್ಕೆ ಸಿಗುತ್ತಿತ್ತು. ಅದರ ಅರ್ಧ 13,000. ವಾರಂಟಿ ಇಲ್ಲ, ಒಂದು ಪೋರ್ಟ್ ಸಡಿಲ, ಮೂಲೆಯಲ್ಲಿ ಮಬ್ಬು, ಇದಕ್ಕೆಲ್ಲ 1,500 ಕಳೆದೆವು. 11,500 ಉಳಿಯಿತು. ಕೇಳುವ ಬೆಲೆ 12,000, ಇಳಿಯಬಹುದಾದ ಕಡೆಯ ಬೆಲೆ 10,500 ಅಂತ ಮನೆಯಲ್ಲೇ ಮಾತಾಡಿಕೊಂಡು ಒಂದು ಚೀಟಿಯಲ್ಲಿ ಬರೆದಿಟ್ಟೆವು. ಅರ್ಧ ಅನ್ನೋದು ನಿಯಮವೇನಲ್ಲ, ಮೂರ್ನಾಲ್ಕು ವರ್ಷ ಓಡಿದ, ಪರದೆ ಚೆನ್ನಾಗಿರುವ ಟಿವಿಗೆ ಶುರು ಮಾಡಲು ಒಂದು ಜಾಗ ಅಷ್ಟೇ. ನಿಮ್ಮ ಸುತ್ತಮುತ್ತ ಅದೇ ಅಳತೆಯ ಹಳೆಯ ಟಿವಿಗಳಿಗೆ ಎಷ್ಟು ಕೇಳುತ್ತಿದ್ದಾರೆ ನೋಡಿ. ತಿಂಗಳಿಂದ ಅಲ್ಲೇ ಕೂತಿರುವ ಜಾಹೀರಾತಿನ ಬೆಲೆಯನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಆ ಬೆಲೆಗೆ ಹೋಗುವುದಿಲ್ಲ ಅನ್ನೋದಕ್ಕೆ ಅದೇ ಸಾಕ್ಷಿ.

ಕಡೆಯ ಬೆಲೆಯನ್ನು ಗಂಡ ಹೆಂಡತಿ ಇಬ್ಬರೂ ಒಪ್ಪಿರಬೇಕು. ಅವರು ಫೋನಲ್ಲಿ ಒಂದು ಹೇಳಿ, ಇವರು ಬಾಗಿಲಲ್ಲಿ ಇನ್ನೊಂದು ಹೇಳಿದರೆ ಚೌಕಾಸಿ ಕೈತಪ್ಪುತ್ತದೆ.

ಹೆಜ್ಜೆ 4: ಯಾವ ದಿನಾಂಕ ಬರೆಯಬೇಕು, ಯಾವುದು ಬೇಡ

ವಿದೇಶಕ್ಕೆ ಹೊರಟವರು ಎಡವುವುದು ಇಲ್ಲಿ. "ಅರ್ಜೆಂಟ್ ಸೇಲ್, 22ಕ್ಕೆ ಫ್ಲೈಟ್" ಎಂದು ಬರೆಯುತ್ತಾರೆ. ಓದಿದವರು ಏನು ಮಾಡುತ್ತಾರೆ? 20ನೇ ತಾರೀಖಿನವರೆಗೆ ಸುಮ್ನೆ ಕಾಯುತ್ತಾರೆ. ಆವತ್ತು ಫೋನ್ ಮಾಡಿ "ಐದು ಸಾವಿರಕ್ಕೆ ಕೊಡ್ತೀರಾ?" ಎನ್ನುತ್ತಾರೆ. ನಿಮಗೆ ಬೇರೆ ದಾರಿ ಇರುವುದಿಲ್ಲ. ಅದೂ ಅಲ್ಲದೆ, ಯಾವ ದಿನದಿಂದ ನಿಮ್ಮ ಮನೆ ಖಾಲಿ ಅನ್ನೋದನ್ನು ಅಪರಿಚಿತರಿಗೆಲ್ಲ ಹೇಳಿದಂತಾಗುತ್ತದೆ.

ಆದರೆ ವಿದೇಶಕ್ಕೆ ಹೋಗುತ್ತಿರುವ ವಿಷಯ ಬರೆಯಲೇಬೇಕು. "ಚೆನ್ನಾಗಿದ್ರೆ ಯಾಕೆ ಮಾರ್ತಿದ್ದೀರಾ?" ಅನ್ನೋ ಪ್ರಶ್ನೆಗೆ ಇದಕ್ಕಿಂತ ನಂಬುವಂಥ ಉತ್ತರ ಇನ್ನೊಂದಿಲ್ಲ. ಕಾರಣ ಬರೆಯಿರಿ, ಫ್ಲೈಟ್ ದಿನ ಬೇಡ. ಅದರ ಬದಲು ಎರಡು ದಿನಾಂಕ ಕೊಡಿ: ಯಾವಾಗಿನಿಂದ ಬಂದು ನೋಡಬಹುದು, ಯಾವ ದಿನದೊಳಗೆ ತೆಗೆದುಕೊಂಡು ಹೋಗಬೇಕು. ಆ ಎರಡನೇ ದಿನಾಂಕ ನಿಮ್ಮ ನಿಜವಾದ ಪ್ರಯಾಣಕ್ಕಿಂತ ಕನಿಷ್ಠ ಒಂದು ವಾರ ಮುಂಚೆ ಇರಲಿ. ಅಕ್ಕನದು ಫೆಬ್ರವರಿ 22ರ ಫ್ಲೈಟ್, ಬರೆದದ್ದು ಫೆಬ್ರವರಿ 12. ಜಾಹೀರಾತು ಹಾಕಿದ್ದು ಜನವರಿ ಕೊನೆಯಲ್ಲಿ.

ಮಕ್ಕಳಿರುವ ಮನೆಯಲ್ಲಿ ಟಿವಿಯನ್ನು ಕೊನೆಯ ದಿನದವರೆಗೆ ಇಟ್ಟುಕೊಳ್ಳುವ ಆಸೆ ಇರುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಒಳ್ಳೆಯ ಬೆಲೆ ಬಂದ ದಿನವೇ ಕೊಟ್ಟುಬಿಡಿ. ಒಂದೆರಡು ವಾರ ಲ್ಯಾಪ್‌ಟಾಪಿನಲ್ಲಿ ಕಾರ್ಟೂನ್ ನೋಡಿದರೆ ನಡೆಯುತ್ತದೆ. ಕೊನೆಯ ವಾರ ನಿಮಗೆ ಬೇರೆ ನೂರು ಕೆಲಸ ಇರುತ್ತವೆ.

ಹೆಜ್ಜೆ 5: ಐದು ಫೋಟೋ

ಮೊದಲನೆಯದು ಟಿವಿ ಆನ್ ಆಗಿ, ಬಣ್ಣದ ಚಿತ್ರ ಬರುತ್ತಿರುವುದು. ಎರಡನೆಯದು ಪೂರ್ತಿ ಬಿಳಿ ಪರದೆ. ಇದನ್ನು ಹಾಕುವವರು ಕಡಿಮೆ, ಹಾಗಾಗಿಯೇ ಇದಕ್ಕೆ ಬೆಲೆ: ತಿಳಿದವರು ಈ ಒಂದು ಫೋಟೋ ನೋಡಿ ಹೊರಡುತ್ತಾರೆ. ಮೂರನೆಯದು ಹಿಂದಿನ ಸ್ಟಿಕ್ಕರ್, ನಾಲ್ಕನೆಯದು ರಿಮೋಟ್, ಕಾಲು, ಕ್ಲ್ಯಾಂಪ್, ಬಿಲ್ ಎಲ್ಲ ಒಟ್ಟಿಗೆ. ಐದನೆಯದು ದೋಷ, ಹತ್ತಿರದಿಂದ.

ಟಿವಿಯ ಫೋಟೋ ತೆಗೆಯುವುದು ಸ್ವಲ್ಪ ಕಷ್ಟ. ಟ್ಯೂಬ್‌ಲೈಟ್ ಆರಿಸಿ, ಕಿಟಕಿ ಪರದೆ ಎಳೆಯಿರಿ, ಇಲ್ಲದಿದ್ದರೆ ಗಾಜಿನಲ್ಲಿ ನೀವೇ ಕಾಣುತ್ತೀರಿ. ಫೋಟೋದಲ್ಲಿ ಅಡ್ಡಡ್ಡ ಕಪ್ಪು ಪಟ್ಟೆ ಬಂದರೆ ಗಾಬರಿ ಬೇಡ. ಬ್ರೈಟ್‌ನೆಸ್ ಕಡಿಮೆ ಇದ್ದಾಗ ಎಷ್ಟೋ ಟಿವಿಗಳ ಹಿಂದಿನ ಬೆಳಕು ಕಣ್ಣಿಗೆ ಕಾಣದಷ್ಟು ವೇಗವಾಗಿ ಆರಿ ಹತ್ತುತ್ತಿರುತ್ತದೆ, ಮೊಬೈಲ್ ಕ್ಯಾಮೆರಾ ಅದನ್ನು ಹಿಡಿದುಬಿಡುತ್ತದೆ. ಬ್ರೈಟ್‌ನೆಸ್ ಪೂರ್ತಿ ಏರಿಸಿ ಮತ್ತೆ ತೆಗೆಯಿರಿ, ಸಾಮಾನ್ಯವಾಗಿ ಪಟ್ಟೆ ಹೋಗುತ್ತದೆ. ಸಣ್ಣ ಬಲೆಯಂಥ ಅಲೆ ಕಂಡರೆ ಎರಡು ಹೆಜ್ಜೆ ಹಿಂದೆ ಸರಿದು ತೆಗೆಯಿರಿ. ಗೋಡೆ ಮೇಲಿನ ಮಕ್ಕಳ ಫೋಟೋ, ಮೇಜಿನ ಮೇಲಿನ ಪಾಸ್‌ಪೋರ್ಟ್ ಚಿತ್ರದಲ್ಲಿ ಬರದಂತೆ ನೋಡಿಕೊಳ್ಳಿ.

ಹೆಜ್ಜೆ 6: ಬರೆಯುವುದು

ತಲೆಬರಹದಲ್ಲಿ ಅಳತೆ, ಬಗೆ, ವರ್ಷ, ಏರಿಯಾ ಇರಲಿ. ಆನ್‌ಲೈನ್ ಮಾರಾಟದ ಆಪ್‌ನಲ್ಲಿ ಹಾಕುವುದಾದರೆ ತಲೆಬರಹವನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯಿರಿ, ಯಾಕೆಂದರೆ ಹುಡುಕುವವರು ಟೈಪ್ ಮಾಡುವುದು `43 inch 4K Android TV` ಅಂತಲೇ. ಒಳಗಿನ ಸಾಲುಗಳು ಕನ್ನಡದಲ್ಲಿ ಇರಬಹುದು. ಅಪಾರ್ಟ್‌ಮೆಂಟ್ ಅಥವಾ ಬಡಾವಣೆಯ ವಾಟ್ಸಾಪ್ ಗುಂಪಿಗೆ ಪೂರ್ತಿ ಕನ್ನಡದಲ್ಲೇ ಹಾಕಿ.

ಭಾವ ಮೊದಲು ಬರೆದಿದ್ದು ಹೀಗಿತ್ತು: "ಸೂಪರ್ ಕಂಡೀಷನ್ ಟಿವಿ ಮಾರಾಟಕ್ಕಿದೆ. ತುಂಬಾ ಕಡಿಮೆ ಬಳಸಿದ್ದು. ಅರ್ಜೆಂಟ್. ಬೆಲೆಗೆ ಕರೆ ಮಾಡಿ." ಇದರಲ್ಲಿ ಒಂದು ಮಾತೂ ಕೊಳ್ಳುವವರಿಗೆ ಉಪಯೋಗವಿಲ್ಲ. ಸೂಪರ್ ಅಂತ ಎಲ್ಲರೂ ಬರೆಯುತ್ತಾರೆ. ಬೆಲೆ ಇಲ್ಲದ ಜಾಹೀರಾತಿಗೆ ಬರುವ ಫೋನೆಲ್ಲ ಬೆಲೆ ಕೇಳುವ ಫೋನೇ. ಬದಲಿಸಿ ಹಾಕಿದ್ದು ಇದು:

> 43 ಇಂಚು 4ಕೆ ಆಂಡ್ರಾಯ್ಡ್ ಟಿವಿ, 2021, ಬನಶಂಕರಿ – ₹12,000
>
> ಕಂಪನಿ ಮತ್ತು ಮಾಡೆಲ್: (ಸ್ಟಿಕ್ಕರ್‌ನಲ್ಲಿ ಇರುವಂತೆ). ನವೆಂಬರ್ 2021ರಲ್ಲಿ ಹೊಸದಾಗಿ ಕೊಂಡಿದ್ದು, ಬಿಲ್ ಇದೆ. ವಾರಂಟಿ ಮುಗಿದಿದೆ. ಒಂದೇ ಮನೆಯಲ್ಲಿ ಬಳಸಿದ್ದು, ರಿಪೇರಿಗೆ ಬಿಚ್ಚಿಲ್ಲ.
>
> ಪರದೆಯಲ್ಲಿ ಗೆರೆ, ಬಿರುಕು ಇಲ್ಲ. ಎರಡು ದೋಷ: ಕೆಳಗಿನ ಎಡ ಮೂಲೆಯಲ್ಲಿ ಸ್ವಲ್ಪ ಮಬ್ಬು, ಬಿಳಿ ಚಿತ್ರದಲ್ಲಿ ಮಾತ್ರ ಕಾಣುತ್ತದೆ (ಫೋಟೋ 5). 3ನೇ ಎಚ್‌ಡಿಎಂಐ ಪೋರ್ಟ್ ಸಡಿಲ, 1 ಮತ್ತು 2 ಸರಿ ಇವೆ.
>
> ಜೊತೆಗೆ: ರಿಮೋಟ್, ಎರಡು ಕಾಲು, ಗೋಡೆ ಕ್ಲ್ಯಾಂಪ್. ಡಬ್ಬ ಇಲ್ಲ. ಕಾಲಿನಿಂದ ಕಾಲಿಗೆ 80 ಸೆಂ.ಮೀ.
>
> ಕುಟುಂಬ ಸಮೇತ ವಿದೇಶಕ್ಕೆ ಹೋಗುತ್ತಿರುವುದರಿಂದ ಮಾರುತ್ತಿದ್ದೇವೆ. ಸಂಜೆ 6ರ ಮೇಲೆ ಬಂದು ಓಡಿಸಿ ನೋಡಬಹುದು. ಫೆಬ್ರವರಿ 12ರೊಳಗೆ ತೆಗೆದುಕೊಂಡು ಹೋಗಬೇಕು, ಸಾಗಣೆ ನಿಮ್ಮದು. ನೋಡಿದ ಮೇಲೆ ಬೆಲೆಯಲ್ಲಿ ಸ್ವಲ್ಪ ಮಾತಾಡಬಹುದು. ವಾಟ್ಸಾಪ್ ಮಾಡಿ.

"ರಿಪೇರಿಗೆ ಬಿಚ್ಚಿಲ್ಲ" ಅನ್ನೋ ಮಾತು ನಿಜವಾಗಿದ್ದರೆ ಮಾತ್ರ ಬರೆಯಿರಿ. ಹಿಂದಿನ ಸ್ಕ್ರೂಗಳ ತಲೆ ನೋಡಿದರೆ ತಿಳಿದವರಿಗೆ ಗೊತ್ತಾಗುತ್ತದೆ. "ನೋಡಿದ ಮೇಲೆ" ಅನ್ನೋ ಎರಡು ಪದವನ್ನೂ ಬಿಡಬೇಡಿ. "ಲಾಸ್ಟ್ ಎಷ್ಟು ಸರ್?" ಅಂತ ಮಾತ್ರ ಮೆಸೇಜ್ ಮಾಡುವವರಿಗೆ ಅದನ್ನೇ ತೋರಿಸಬಹುದು. ಬಂದು ನೋಡದವರಿಗೆ ಬೆಲೆ ಇಳಿಸಿದರೆ, ಅವರು ಮನೆಗೆ ಬಂದು ಅಲ್ಲಿಂದ ಮತ್ತೆ ಇಳಿಸಲು ಶುರು ಮಾಡುತ್ತಾರೆ.

ಹೆಜ್ಜೆ 7: ಫೋನ್ ಶುರುವಾದ ಮೇಲೆ

ಒಂದು ಎಚ್ಚರಿಕೆ. ಟಿವಿ ನೋಡದೆ, ಚೌಕಾಸಿ ಮಾಡದೆ, ಕೇಳಿದಷ್ಟೇ ಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ ಅಲ್ಲೇ ನಿಲ್ಲಿ. ಇಂಥವರು ಎಷ್ಟೋ ಸಲ ಸೈನ್ಯದಲ್ಲಿದ್ದೇನೆ ಎಂದು ಹೇಳಿಕೊಂಡು ಗುರುತಿನ ಚೀಟಿಯ ಫೋಟೋವನ್ನೂ ಕಳಿಸುತ್ತಾರೆ. ಆಮೇಲೆ ಒಂದು ಕ್ಯೂಆರ್ ಕೋಡ್ ಬರುತ್ತದೆ, "ಸ್ಕ್ಯಾನ್ ಮಾಡಿ ಪಿನ್ ಹಾಕಿ, ದುಡ್ಡು ನಿಮ್ಮ ಖಾತೆಗೆ ಬರುತ್ತೆ" ಎನ್ನುತ್ತಾರೆ. ಯುಪಿಐನಲ್ಲಿ ದುಡ್ಡು ಪಡೆಯಲು ಪಿನ್ ಬೇಡವೇ ಬೇಡ. ಪಿನ್ ಹಾಕಿದರೆ ದುಡ್ಡು ಹೋಗುವುದು ನಿಮ್ಮ ಖಾತೆಯಿಂದ. ಪ್ರಯಾಣದ ಗಡಿಬಿಡಿಯಲ್ಲಿ ಇರುವವರು ಇದಕ್ಕೆ ಸುಲಭವಾಗಿ ಸಿಕ್ಕಿಬೀಳುತ್ತಾರೆ, ಆದ್ದರಿಂದ ಮನೆಯಲ್ಲಿ ಫೋನ್ ಎತ್ತುವ ಎಲ್ಲರಿಗೂ ಇದನ್ನು ಹೇಳಿಡಿ.

ನೋಡಿ ಒಪ್ಪಿದವರು ಆವತ್ತೇ ಒಯ್ಯಲು ಆಗದಿದ್ದರೆ ಸಾವಿರ ರೂಪಾಯಿ ಅಡ್ವಾನ್ಸ್ ತೆಗೆದುಕೊಳ್ಳಿ. ಯಾವ ದಿನದವರೆಗೆ ಇಟ್ಟುಕೊಳ್ಳುತ್ತೀರಿ, ಬರದಿದ್ದರೆ ಆ ದುಡ್ಡು ಏನಾಗುತ್ತದೆ ಅನ್ನೋದನ್ನು ವಾಟ್ಸಾಪಿನಲ್ಲಿ ಒಂದು ಸಾಲು ಬರೆದು, ಅವರಿಂದ "ಓಕೆ" ಹೇಳಿಸಿಕೊಳ್ಳಿ. ಅಕ್ಕನ ಟಿವಿಗೆ ಮೊದಲು ಒಪ್ಪಿದವರು ಬರಲೇ ಇಲ್ಲ. ಅಡ್ವಾನ್ಸ್ ಕೊಟ್ಟ ಎರಡನೆಯವರು 11,000ಕ್ಕೆ ಒಯ್ದರು. ಆ ಮಬ್ಬನ್ನು ಅವರು ಬಂದ ತಕ್ಷಣ ನೋಡಿ, "ಹಾಂ, ಇದೇ ಅಲ್ವಾ ನೀವು ಬರೆದಿದ್ದು" ಅಂದು ಮುಂದೆ ಹೋದರು.

ಹೆಜ್ಜೆ 8: ಕೊಡುವ ದಿನ

ಟಿವಿಯಲ್ಲಿ ನಿಮ್ಮ ಗೂಗಲ್ ಖಾತೆ, ಸಿನಿಮಾ ಆಪ್‌ಗಳ ಖಾತೆ ಎಲ್ಲ ತೆರೆದೇ ಇರುತ್ತವೆ. ಎಲ್ಲರೂ ನೋಡಿ ಆಗುವವರೆಗೆ ವೈಫೈ, ಯೂಟ್ಯೂಬ್ ಇರಲಿ, ಓಡಿಸಿ ತೋರಿಸಲು ಬೇಕು. ದುಡ್ಡು ಖಾತೆಗೆ ಬಂದದ್ದನ್ನು ಬ್ಯಾಂಕ್ ಆಪ್‌ನಲ್ಲೇ ನೋಡಿ, ಅವರು ತೋರಿಸುವ ಸ್ಕ್ರೀನ್‌ಶಾಟ್ ನಂಬಬೇಡಿ. ಆಮೇಲೆ ಮೊದಲು ಗೂಗಲ್ ಖಾತೆ ತೆಗೆದುಹಾಕಿ, ಅದಾದ ಮೇಲೆ ಸೆಟ್ಟಿಂಗ್ಸ್‌ಗೆ ಹೋಗಿ `Factory reset` ಮಾಡಿ. ಮರೆತು ಕೊಟ್ಟುಬಿಟ್ಟರೆ, ಮೊಬೈಲಿನಿಂದ ಪ್ರತಿ ಖಾತೆಗೂ ಹೋಗಿ ಆ ಟಿವಿಯನ್ನು ಸೈನ್ ಔಟ್ ಮಾಡಬಹುದು.

ಗೋಡೆಯಿಂದ ಇಳಿಸುವಾಗ ಇಬ್ಬರು ಬೇಕು. ಕ್ಲ್ಯಾಂಪಿನ ಸ್ಕ್ರೂಗಳನ್ನು ಒಂದು ಕವರಿನಲ್ಲಿ ಹಾಕಿ ಟಿವಿಯ ಬೆನ್ನಿಗೆ ಟೇಪ್ ಹಚ್ಚಿ. ಡಬ್ಬ ಇಲ್ಲದಿದ್ದರೆ ಪರದೆಗೆ ಹಳೆಯ ಬೆಡ್‌ಶೀಟ್, ಅದರ ಮೇಲೆ ರಟ್ಟು ಕಟ್ಟಿ. ಆಟೋದಲ್ಲಿ ಒಯ್ಯುವುದಾದರೂ ಟಿವಿ ನೆಟ್ಟಗೆ ನಿಂತೇ ಹೋಗಬೇಕು, ಮಲಗಿಸಿದರೆ ರಸ್ತೆಯ ಒಂದು ಹಂಪಿಗೆ ಪ್ಯಾನೆಲ್ ಬಿರಿಯಬಹುದು. ಪರದೆಯ ಮೇಲೆ ಕೈಯೂರಿ ಹಿಡಿಯಬೇಡಿ ಎಂದು ಒಯ್ಯುವವರಿಗೂ ಹೇಳಿ.

ಒಂದು ಹಾಳೆಯಲ್ಲಿ ದಿನಾಂಕ, ಮಾಡೆಲ್, ಸೀರಿಯಲ್ ನಂಬರ್, ಪಡೆದ ದುಡ್ಡು, "ಓಡಿಸಿ ನೋಡಿ ಒಪ್ಪಿ ತೆಗೆದುಕೊಂಡಿದ್ದೇನೆ" ಎಂದು ಬರೆದು ಇಬ್ಬರೂ ಸಹಿ ಹಾಕಿ, ಫೋಟೋ ತೆಗೆದಿಟ್ಟುಕೊಳ್ಳಿ. ಅಸಲು ಬಿಲ್ ಅವರಿಗೆ ಕೊಡಿ. ಆವತ್ತೇ ರಾತ್ರಿ ಜಾಹೀರಾತು ತೆಗೆದುಹಾಕಿ, ಗುಂಪುಗಳಲ್ಲಿ "ಮಾರಾಟವಾಗಿದೆ" ಎಂದು ಹಾಕಿ. ಇಲ್ಲದಿದ್ದರೆ ನೀವು ಅಲ್ಲಿ ಮಲಗಿರುವ ಹೊತ್ತಿಗೆ ಇಲ್ಲಿಂದ "ಟಿವಿ ಇದೆಯಾ?" ಎಂದು ಫೋನ್ ಬರುತ್ತಲೇ ಇರುತ್ತದೆ.